ಕಾಫಿ ಕಂಟೇನರ್‌ಗೆ ಮರೈನ್ ಇನ್ಶೂರೆನ್ಸ್ ಕೊಟೇಶನ್ ಕೇಳುವಾಗ: ಬೆಲೆ, ದಾರಿ, ಪ್ಯಾಕಿಂಗ್ ಬಗ್ಗೆ ಪದೇ ಪದೇ ಬರುವ ಪ್ರಶ್ನೆಗಳು

"ಒಂದು ಕಂಟೇನರ್ ಕಾಫಿ ಇಟಲಿಗೆ ಹೋಗ್ತಿದೆ, ಇನ್ಶೂರೆನ್ಸ್ ಎಷ್ಟಾಗುತ್ತೆ?" ಇಷ್ಟೇ ಇರುವ ಮೆಸೇಜ್‌ಗಳು ಬಹಳ ಬರುತ್ತವೆ. ಇದಕ್ಕೆ ಯಾರಾದರೂ ತಕ್ಷಣ ಒಂದು ರೇಟ್ ಹೇಳಿದರೆ ಸ್ವಲ್ಪ ಅನುಮಾನ ಪಡಿ. ಈ ಪುಟದಲ್ಲಿ ಒಂದೇ ಒಂದು ಕನ್ಸೈನ್‌ಮೆಂಟ್ ಹಿಡಿದುಕೊಂಡು ಹೋಗೋಣ. ಹಾಸನದ ಕ್ಯೂರಿಂಗ್ ವರ್ಕ್ಸ್ ಒಂದರಿಂದ 320 ಚೀಲ ರೋಬಸ್ಟಾ, ಪಣಂಬೂರಿನ ನವಮಂಗಳೂರು ಬಂದರಿನಿಂದ ಹಡಗು ಹತ್ತಿ ಇಟಲಿಯ ಜಿನೋವಾಗೆ. ಭಾರತದ ಕಾಫಿಗೆ ಇಟಲಿಯೇ ದೊಡ್ಡ ಗಿರಾಕಿ, ಹಾಗಾಗಿ ಈ ದಾರಿ ನಿಮ್ಮಲ್ಲಿ ಅನೇಕರಿಗೆ ಗೊತ್ತಿರುವುದೇ. ಕೆಳಗೆ ಬರುವ ಬೆಲೆ, ಬಾಡಿಗೆ, ರೇಟ್ ಎಲ್ಲ ಲೆಕ್ಕ ತೋರಿಸಲು ಹಿಡಿದ ಅಂಕಿಗಳು, ಇವತ್ತಿನ ಮಾರುಕಟ್ಟೆ ದರ ಅಲ್ಲ.

ನಾನು ಎಫ್‌ಒಬಿ ಮಾರಾಟ ಮಾಡಿದ್ದೇನೆ. ಇನ್ಶೂರೆನ್ಸ್ ಕೊಳ್ಳುವವನದ್ದು ಅಲ್ವಾ? ನನಗ್ಯಾಕೆ ಕೊಟೇಶನ್?

ಸಮುದ್ರದ ಭಾಗ ಅವನದ್ದು, ನಿಜ. ಆದರೆ ಎಫ್‌ಒಬಿಯಲ್ಲಿ ಸರಕು ಹಡಗಿನ ಮೇಲೆ ಏರುವ ತನಕ ಅಪಾಯ ನಿಮ್ಮದೇ. ಹಾಸನದಿಂದ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಪಣಂಬೂರು ಸೇರುವ ತನಕ ಲಾರಿ ಪಲ್ಟಿಯಾದರೆ, ಮಳೆ ನೀರು ಒಳಗೆ ಹೋದರೆ, ಯಾರ್ಡ್‌ನಲ್ಲಿ ಕಂಟೇನರ್ ಎತ್ತುವಾಗ ಬಿದ್ದರೆ, ಆ ನಷ್ಟ ಕೊಳ್ಳುವವನ ಪಾಲಿಸಿಗೆ ಹೋಗುವುದಿಲ್ಲ. ಕಾಫಿಯಲ್ಲಿ ಎಫ್‌ಒಬಿ ವ್ಯಾಪಾರ ಜಾಸ್ತಿ ಇರುವುದರಿಂದ ಈ ಗುಂಡಿಗೆ ಬೀಳುವವರೂ ಜಾಸ್ತಿ. ನಿಮಗೆ ಬೇಕಿರುವುದು ಕ್ಯೂರಿಂಗ್ ವರ್ಕ್ಸ್‌ನಿಂದ ಹಡಗಿನ ಮೇಲೆ ಏರುವವರೆಗಿನ ಒಳನಾಡು ಕವರ್. ಕೊಟೇಶನ್ ಕೇಳುವಾಗ "ಎಫ್‌ಒಬಿ, ಹಡಗು ಹತ್ತುವ ತನಕ ಮಾತ್ರ" ಅಂತ ಸ್ಪಷ್ಟವಾಗಿ ಬರೆಯಿರಿ.

ಇನ್ನೊಂದು ವಿಷಯ ಇದೆ. ಹಣ ಇನ್ನೂ ಬಂದಿಲ್ಲ, ಸರಕು ಸಮುದ್ರದಲ್ಲಿ ಹಾಳಾಯಿತು, ಕೊಳ್ಳುವವನು ದಾಖಲೆ ಬಿಡಿಸಿಕೊಳ್ಳದೆ ಕೈ ಎತ್ತಿದ. ಆಗ ನಿಮ್ಮ ಹಿತ ಕಾಯಲು ಸೆಲ್ಲರ್ಸ್ ಕಂಟಿಂಜೆನ್ಸಿ ಅಂತ ಒಂದು ಕವರ್ ಸಿಗುತ್ತದೆ. ಹೊಸ ಗಿರಾಕಿ ಆಗಿದ್ದರೆ ಅದರ ರೇಟ್ ಕೂಡ ಅದೇ ಮೇಲ್‌ನಲ್ಲಿ ಕೇಳಿಬಿಡಿ.

ಈ ಪುಟದ ಉಳಿದ ಭಾಗದಲ್ಲಿ ಮಾರಾಟ ಸಿಐಎಫ್ ಅಂತ ಹಿಡಿದಿದ್ದೇವೆ. ಅಂದರೆ ಜಿನೋವಾವರೆಗಿನ ಬಾಡಿಗೆಯೂ ಇನ್ಶೂರೆನ್ಸೂ ಮಾರುವವರದ್ದೇ.

ಮೇಲ್‌ನಲ್ಲಿ ಏನೇನು ಬರೆಯಬೇಕು? ಒಂದು ಮಾದರಿ ಕೊಡಿ.

ದೊಡ್ಡ ಪತ್ರ ಬೇಡ. ಇಷ್ಟು ಇದ್ದರೆ ಸಾಕು:

> ನಮಸ್ಕಾರ, ಕೆಳಗಿನ ಕನ್ಸೈನ್‌ಮೆಂಟ್‌ಗೆ ಕೊಟೇಶನ್ ಕಳಿಸಿ.
>
> ಸರಕು: ರೋಬಸ್ಟಾ ಹಸಿ ಕಾಫಿ ಬೀಜ, 60 ಕೆ.ಜಿ.ಯ 320 ಚೀಲ, ಒಟ್ಟು 19.2 ಟನ್. ತೇವಾಂಶ ಶೇ. 11.5ರ ಒಳಗೆ, ಸ್ಟಫಿಂಗ್ ದಿನ ಅಳತೆ ಮಾಡಿ ಸರ್ಟಿಫಿಕೇಟ್ ಕೊಡುತ್ತೇವೆ.
>
> ಬೆಲೆ: ಎಫ್‌ಒಬಿ 86,400 ಡಾಲರ್, ಬಾಡಿಗೆ 2,400 ಡಾಲರ್. ಇನ್ಶೂರ್ ಮಾಡಬೇಕಾದ ಮೊತ್ತ ಸಿಐಎಫ್ ಮತ್ತು ಅದರ ಮೇಲೆ ಶೇ. 10.
>
> ದಾರಿ: ಹಾಸನದ ಕ್ಯೂರಿಂಗ್ ವರ್ಕ್ಸ್‌ನಿಂದ ಲಾರಿಯಲ್ಲಿ ಶಿರಾಡಿ ಮೂಲಕ ನವಮಂಗಳೂರು ಬಂದರು, ಫೀಡರ್ ಹಡಗಿನಲ್ಲಿ ಕೊಲಂಬೊ, ಅಲ್ಲಿ ಹಡಗು ಬದಲು, ಜಿನೋವಾ, ಅಲ್ಲಿಂದ ಲಾರಿಯಲ್ಲಿ ಕೊಳ್ಳುವವರ ಗೋದಾಮು.
>
> ಪ್ಯಾಕಿಂಗ್: ಹೊಸ ಗೋಣಿಚೀಲ, 20 ಅಡಿಯ ಒಂದು ಡ್ರೈ ಕಂಟೇನರ್, ಒಳಗೆ ಸುತ್ತಲೂ ಮತ್ತು ಮೇಲ್ಪದರಕ್ಕೆ ಕ್ರಾಫ್ಟ್ ಪೇಪರ್, ತೂಗು ಹಾಕಿದ ತೇವ ಹೀರುವ ಚೀಲಗಳು. ಸ್ಟಫಿಂಗ್ ನಮ್ಮ ವರ್ಕ್ಸ್‌ನಲ್ಲೇ.
>
> ಹೊರಡುವ ಅಂದಾಜು ದಿನ: ಫೆಬ್ರವರಿ ಎರಡನೇ ವಾರ. ಹಡಗಿನ ಹೆಸರು ಆಮೇಲೆ ತಿಳಿಸುತ್ತೇವೆ.
>
> ಬೇಕಾದ ಕವರ್: ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಸಸ್ ಎ, ಜೊತೆಗೆ ಯುದ್ಧ ಮತ್ತು ಮುಷ್ಕರದ ಕ್ಲಾಸ್‌ಗಳು. ಕಳೆದ ಮೂರು ವರ್ಷದ ಕ್ಲೈಮ್ ವಿವರ ಲಗತ್ತಿಸಿದ್ದೇವೆ.

ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಸಸ್ ಅಂದರೆ ಕವರ್‌ನ ಸಿದ್ಧ ಷರತ್ತುಗಳು; ಎ, ಬಿ, ಸಿ ಅಂತ ಮೂರಿವೆ, ಎ ಎಲ್ಲಕ್ಕಿಂತ ವಿಶಾಲ. ಮೇಲ್‌ನ ಕೊನೆಯ ಸಾಲನ್ನು ಬಿಡಬೇಡಿ. ಹಳೆಯ ಕ್ಲೈಮ್ ಇದ್ದರೆ ರೇಟ್ ಏರಬಹುದು ಅಂತ ಕೆಲವರು ಸುಮ್ನೆ ಇರುತ್ತಾರೆ. ಆದರೆ 1963ರ ಮರೈನ್ ಇನ್ಶೂರೆನ್ಸ್ ಕಾಯ್ದೆಯ ಪ್ರಕಾರ, ರೇಟ್ ನಿರ್ಧರಿಸಲು ಮುಖ್ಯವಾದ ಸಂಗತಿಯನ್ನು ಕಂಪನಿ ಕೇಳದಿದ್ದರೂ ನೀವೇ ತಿಳಿಸಬೇಕು. ಮುಚ್ಚಿಟ್ಟದ್ದು ಕ್ಲೈಮ್ ಸಮಯದಲ್ಲಿ ಹೊರಬಂದರೆ ಪಾಲಿಸಿಯನ್ನೇ ರದ್ದು ಮಾಡುವ ಹಕ್ಕು ಅವರಿಗಿದೆ.

ಬೆಲೆ ಅಂತ ಯಾವುದನ್ನು ಬರೆಯಲಿ? ಇನ್ವಾಯ್ಸ್ ಮೊತ್ತ ಸಾಕಾ?

ಇನ್ವಾಯ್ಸ್ ಸಿಐಎಫ್ ಆಗಿದ್ದರೆ ಅದರ ಮೇಲೆ ಶೇ. 10 ಸೇರಿಸಿ. ಎಫ್‌ಒಬಿ ಬೆಲೆ ಮಾತ್ರ ಗೊತ್ತಿದ್ದರೆ ಮೊದಲು ಸಿಐಎಫ್ ಕಟ್ಟಿಕೊಳ್ಳಬೇಕು. ನಮ್ಮ ಉದಾಹರಣೆಯಲ್ಲಿ ಟನ್ನಿಗೆ 4,500 ಡಾಲರ್ ಹಿಡಿದರೆ 19.2 ಟನ್ನಿಗೆ 86,400. ಬಾಡಿಗೆ 2,400 ಸೇರಿಸಿದರೆ 88,800. ರೇಟ್ ಶೇ. 0.10 ಅಂತ ಹಿಡಿಯೋಣ. ಆಗ ಪ್ರೀಮಿಯಂ ಸುಮಾರು 98 ಡಾಲರ್, ಸಿಐಎಫ್ ಬೆಲೆ ಸುಮಾರು 88,898. ಇದರ ಮೇಲೆ ಶೇ. 10 ಹಾಕಿದರೆ ಇನ್ಶೂರ್ ಮಾಡುವ ಮೊತ್ತ ಸುಮಾರು 97,788 ಡಾಲರ್. ಡಾಲರ್‌ಗೆ 85 ರೂಪಾಯಿ ಅಂತ ಹಿಡಿದರೆ ಪ್ರೀಮಿಯಂ 8,312 ರೂ., ಅದರ ಮೇಲೆ ಶೇ. 18 ಜಿಎಸ್‌ಟಿ 1,496 ರೂ. ಸ್ಟಾಂಪ್ ಡ್ಯೂಟಿ ಪುಡಿಗಾಸು.

ಆ ಶೇ. 10 ಯಾಕೆ ಅಂದರೆ, ಸರಕು ಜಿನೋವಾ ಮುಟ್ಟದಿದ್ದರೆ ಕೊಳ್ಳುವವನ ಲಾಭ ಹೋಗುತ್ತದೆ, ಅವನ ಓಡಾಟ, ಫೋನು, ಬ್ಯಾಂಕ್ ಖರ್ಚು ದಂಡವಾಗುತ್ತದೆ. ಲೆಟರ್ ಆಫ್ ಕ್ರೆಡಿಟ್ ಮೇಲೆ ವ್ಯಾಪಾರ ಆಗಿದ್ದರೆ ಇದು ನಿಮ್ಮ ಇಷ್ಟಕ್ಕೆ ಬಿಟ್ಟ ವಿಷಯವೂ ಅಲ್ಲ. ಬೇರೆ ಏನೂ ಹೇಳದಿದ್ದರೆ ಯುಸಿಪಿ 600 ನಿಯಮದಂತೆ ಕನಿಷ್ಠ ಸಿಐಎಫ್‌ನ ಶೇ. 110ಕ್ಕೆ, ಅದೇ ಕರೆನ್ಸಿಯಲ್ಲಿ ಇನ್ಶೂರೆನ್ಸ್ ಇರಬೇಕು. ಲೆಟರ್ ಆಫ್ ಕ್ರೆಡಿಟ್ ಡಾಲರ್‌ನಲ್ಲಿದ್ದು ನಿಮ್ಮ ಸರ್ಟಿಫಿಕೇಟ್ ರೂಪಾಯಿಯಲ್ಲಿ ಬಂದರೆ ಬ್ಯಾಂಕ್ ವಾಪಸ್ ಕಳಿಸುತ್ತದೆ.

ಬೆಲೆ ಸ್ವಲ್ಪ ಕಡಿಮೆ ತೋರಿಸಿದರೆ ಪ್ರೀಮಿಯಂ ಉಳಿಯುತ್ತಲ್ಲ?

ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕಿ ನೋಡಿ. 97,788ರ ಬದಲು 70,000 ಡಾಲರ್ ಅಂತ ಬರೆದರೆ, ಇದೇ ರೇಟ್‌ನಲ್ಲಿ ಉಳಿತಾಯ 28 ಡಾಲರ್.

ಈಗ ಕಂಟೇನರ್ ಜಿನೋವಾದಲ್ಲಿ ತೆರೆದಾಗ ಮೇಲ್ಪದರದ 24 ಚೀಲ ಒದ್ದೆ, ಬೂಷ್ಟು ಹಿಡಿದಿದೆ ಅಂದುಕೊಳ್ಳಿ. ಸರ್ವೇಯರ್ ಬಂದು ಅವು ಶೇ. 40 ಬೆಲೆ ಕಳೆದುಕೊಂಡಿವೆ ಅಂತ ಬರೆದರು. ಪಾಲಿಸಿಯಲ್ಲಿ ಒಪ್ಪಿಕೊಂಡ ಮೊತ್ತವೇ ಲೆಕ್ಕದ ಆಧಾರ. ಪೂರ್ತಿ ಬೆಲೆಗೆ ಮಾಡಿದ್ದರೆ ಚೀಲಕ್ಕೆ 305.6 ಡಾಲರ್, 24 ಚೀಲದ ಶೇ. 40 ಅಂದರೆ ಸುಮಾರು 2,934 ಡಾಲರ್. 70,000ಕ್ಕೆ ಮಾಡಿದ್ದರೆ ಚೀಲಕ್ಕೆ 218.75, ಕೈಗೆ ಬರುವುದು 2,100. ಇದರಲ್ಲೂ ಎಕ್ಸೆಸ್, ಅಂದರೆ ಕ್ಲೈಮ್‌ನಲ್ಲಿ ನೀವೇ ಹೊರಬೇಕಾದ ಪಾಲು, ಕಳೆಯಬೇಕು. ಇಡೀ ಕನ್ಸೈನ್‌ಮೆಂಟ್ ಮೊತ್ತದ ಶೇ. 0.5 ಎಕ್ಸೆಸ್ ಇದ್ದರೆ ಮೊದಲ ಲೆಕ್ಕದಲ್ಲಿ ಸುಮಾರು 489 ಡಾಲರ್ ಹೋಗಿ 2,445 ಉಳಿಯುತ್ತದೆ. ಹಾಗಾಗಿ ಕೊಟೇಶನ್‌ನಲ್ಲಿ ರೇಟ್ ನೋಡಿದ ಕಣ್ಣು ಎಕ್ಸೆಸ್ ಸಾಲಿಗೂ ಹೋಗಲಿ. ಆ ಶೇಕಡಾವಾರು ಕ್ಲೈಮ್ ಮೊತ್ತದ ಮೇಲಾ, ಇಡೀ ಕನ್ಸೈನ್‌ಮೆಂಟ್ ಮೇಲಾ ಅಂತ ಕೇಳಿ. ಎರಡಕ್ಕೂ ಅಜಗಜಾಂತರ.

ನಮ್ಮ ಬೆಲೆ ಇನ್ನೂ ಫಿಕ್ಸ್ ಆಗಿಲ್ಲ, ಲಂಡನ್ ಮಾರ್ಕೆಟ್ ನೋಡಿ ಆಮೇಲೆ ನಿರ್ಧಾರ. ಆಗ ಏನು ಬರೆಯಲಿ?

ಅಂದಾಜು ಬೆಲೆ ಬರೆದು, ಪಕ್ಕದಲ್ಲೇ "ಬೆಲೆ ಫಿಕ್ಸ್ ಆಗಬೇಕಿದೆ, ಅಂತಿಮ ಇನ್ವಾಯ್ಸ್ ಪ್ರಕಾರ ಸಿಐಎಫ್ ಮತ್ತು ಶೇ. 10" ಅಂತ ಸೇರಿಸಿ. ಜೊತೆಗೆ ಒಂದು ಕನ್ಸೈನ್‌ಮೆಂಟ್‌ಗೆ ಗರಿಷ್ಠ ಎಷ್ಟು ಆಗಬಹುದು ಅನ್ನುವುದನ್ನೂ ಕೊಡಿ, ಯಾಕೆಂದರೆ ಕಂಪನಿ ಆ ಮಿತಿಯ ಮೇಲೆ ಹೊಣೆ ಹೊರುವುದಿಲ್ಲ. 2024ರಲ್ಲಿ ಲಂಡನ್ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿದಾಗ ಈ ಮಿತಿಯ ಮಹತ್ವ ಎಲ್ಲರಿಗೂ ಅರ್ಥವಾಯಿತು. ಹಿಂದಿನ ಬೆಲೆ ನೋಡಿ ಹಾಕಿಸಿದ ಮಿತಿ ಅಂಥ ವರ್ಷದಲ್ಲಿ ಒಂದು ಕಂಟೇನರ್‌ಗೂ ಸಾಲದೆ ಹೋಗಬಹುದು.

ದಾರಿ ಅಂದರೆ ಎರಡು ಬಂದರಿನ ಹೆಸರು ಬರೆದರೆ ಆಯ್ತಾ?

ಆಗಲ್ಲ. "ಮಂಗಳೂರಿನಿಂದ ಜಿನೋವಾ" ಅಂತ ಬರೆದರೆ ಬಂದರಿನಿಂದ ಬಂದರಿಗೆ ಮಾತ್ರ ಕೊಟೇಶನ್ ಬರಬಹುದು. ಆಗ ಹಾಸನದಿಂದ ಬಂದರು ಮತ್ತು ಜಿನೋವಾದಿಂದ ಗೋದಾಮು, ಈ ಎರಡು ತುದಿಯೂ ಹೊರಗೆ ಉಳಿಯುತ್ತವೆ. ಹೊರಡುವ ಗೋದಾಮಿನ ಊರು, ಮುಟ್ಟುವ ಗೋದಾಮಿನ ಊರು ಎರಡನ್ನೂ ಬರೆಯಿರಿ.

2009ರ ಇನ್‌ಸ್ಟಿಟ್ಯೂಟ್ ಕ್ಲಾಸ್ ಪ್ರಕಾರ, ಸಾಗಣೆಗೆಂದು ಲಾರಿಗೆ ತುಂಬಲು ಗೋದಾಮಿನೊಳಗೆ ಚೀಲ ಮೊದಲು ಅಲುಗಿದ ಕ್ಷಣದಿಂದ ಕವರ್ ಶುರು. ಕೊನೆಯ ಗೋದಾಮಿನಲ್ಲಿ ಇಳಿಸಿ ಮುಗಿದಾಗ, ಇಲ್ಲವೇ ಕೊನೆಯ ಬಂದರಿನಲ್ಲಿ ಹಡಗಿನಿಂದ ಇಳಿದು 60 ದಿನ ಕಳೆದಾಗ, ಯಾವುದು ಮೊದಲೋ ಆಗ ಅದು ಮುಗಿಯುತ್ತದೆ. ನಡುವೆ ನೀವೋ ಕೊಳ್ಳುವವನೋ ಬೇಕಂತಲೇ ಸರಕನ್ನು ಎಲ್ಲಾದರೂ ಕೂಡಿಟ್ಟರೂ ಕವರ್ ಅಲ್ಲಿಗೇ ನಿಲ್ಲುತ್ತದೆ. ಬೆಲೆ ಏರಲಿ ಅಂತ ದಾರಿಯ ಗೋದಾಮಿನಲ್ಲಿ ಎರಡು ವಾರ ಇಡುವ ಯೋಚನೆ ಇದ್ದರೆ ಅದನ್ನು ಮೊದಲೇ ಹೇಳಿ, ಸ್ಟೋರೇಜ್ ಕವರ್ ಬೇರೆ ಕೇಳಿ.

ಕೊಲಂಬೊದಲ್ಲಿ ಹಡಗು ಬದಲಾಗುವುದನ್ನೂ ಹೇಳಬೇಕಾ? ಕೆಂಪು ಸಮುದ್ರದ ವಿಷಯ?

ಎರಡೂ ಹೇಳಬೇಕು. ಹಡಗು ಬದಲಾಗುವ ಜಾಗದಲ್ಲಿ ಕಂಟೇನರ್ ಎರಡು ಸಲ ಜಾಸ್ತಿ ಎತ್ತಿಳಿಸಲ್ಪಡುತ್ತದೆ, ಯಾರ್ಡ್‌ನಲ್ಲಿ ಬಿಸಿಲು ಮಳೆಗೆ ಕಾಯುತ್ತದೆ. ಕಾಫಿಗೆ ಈ ಕಾಯುವಿಕೆ ಒಳ್ಳೆಯದಲ್ಲ.

2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಯೆಮನ್‌ನ ಹೂತಿಗಳ ದಾಳಿ ಶುರುವಾದ ಮೇಲೆ ಅನೇಕ ಹಡಗು ಕಂಪನಿಗಳು ಸೂಯೆಜ್ ಬಿಟ್ಟು ಆಫ್ರಿಕಾದ ಗುಡ್ ಹೋಪ್ ಭೂಶಿರ ಸುತ್ತಿ ಹೋಗತೊಡಗಿದವು. ಪ್ರಯಾಣಕ್ಕೆ ವಾರಕ್ಕಿಂತ ಜಾಸ್ತಿ ಸೇರಿಕೊಂಡಿತು. ಬುಕಿಂಗ್ ಮಾಡುವಾಗ ಫಾರ್ವರ್ಡರ್ ಹತ್ತಿರ ಯಾವ ದಾರಿ ಅಂತ ಕೇಳಿ, ಅವರ ಉತ್ತರವನ್ನೇ ಮೇಲ್‌ಗೆ ಹಾಕಿ. ಸೂಯೆಜ್ ದಾರಿಯಾದರೆ ಯುದ್ಧದ ಕವರ್‌ಗೆ ರೇಟ್ ಬೇರೆ ಹಾಕುತ್ತಾರೆ. ಆ ಕವರ್ ಮುಖ್ಯವಾಗಿ ಸರಕು ಹಡಗಿನ ಮೇಲಿರುವಾಗ ಮಾತ್ರ ಇರುತ್ತದೆ, ನೆಲದ ಮೇಲಿನ ಯುದ್ಧಕ್ಕೆ ಇಲ್ಲ. ಹಲವು ಕನ್ಸೈನ್‌ಮೆಂಟ್‌ಗೆ ಸೇರಿ ಒಂದೇ ಓಪನ್ ಪಾಲಿಸಿ ಇರುವವರು ಗಮನಿಸಿ: ಯುದ್ಧದ ಕವರನ್ನು ಕಂಪನಿ ಸಾಮಾನ್ಯವಾಗಿ 7 ದಿನದ ನೋಟಿಸ್ ಕೊಟ್ಟು ತೆಗೆಯಬಹುದು.

ತಡವಾಗಿ ಮುಟ್ಟಿದ್ದರಿಂದ ಆದ ನಷ್ಟ, ಅಂದರೆ ಅಷ್ಟರಲ್ಲಿ ಮಾರುಕಟ್ಟೆ ಬಿತ್ತು ಅನ್ನುವಂಥದ್ದು, ಎ ಕ್ಲಾಸ್‌ನಲ್ಲೂ ಸಿಗುವುದಿಲ್ಲ.

ಪ್ಯಾಕಿಂಗ್‌ಗೆ "ಗೋಣಿಚೀಲ" ಅಂತ ಬರೆದರೆ ಸಾಲದಾ?

ಇಡೀ ಮೇಲ್‌ನಲ್ಲಿ ಜನ ಅತಿ ಕಡಿಮೆ ಬರೆಯುವುದು ಇಲ್ಲೇ, ಕ್ಲೈಮ್ ಜಗಳ ಅತಿ ಹೆಚ್ಚು ಹುಟ್ಟುವುದೂ ಇಲ್ಲೇ. ಎ ಕ್ಲಾಸ್‌ನಲ್ಲೂ ಒಂದು ಹೊರಗಿಡುವಿಕೆ ಇದೆ: ಸಾಮಾನ್ಯ ಪ್ರಯಾಣಕ್ಕೆ ಸಾಲದ ಅಥವಾ ಹೊಂದದ ಪ್ಯಾಕಿಂಗ್‌ನಿಂದ ಆದ ನಷ್ಟ ಕೊಡುವುದಿಲ್ಲ. ಅಲ್ಲಿ ಪ್ಯಾಕಿಂಗ್ ಅಂದರೆ ಚೀಲ ಮಾತ್ರ ಅಲ್ಲ, ಕಂಟೇನರ್ ಒಳಗೆ ಜೋಡಿಸಿದ ರೀತಿಯೂ ಸೇರಿದೆ. ನಿಮ್ಮ ವರ್ಕ್ಸ್‌ನಲ್ಲಿ ನಿಮ್ಮ ಆಳುಗಳೇ ಸ್ಟಫಿಂಗ್ ಮಾಡಿದರೆ ಆ ಜೋಡಣೆಯ ಹೊಣೆ ನಿಮ್ಮದೇ.

ಕಾಫಿ ಕಂಟೇನರ್‌ನಲ್ಲಿ ನಡೆಯುವುದು ಹೀಗೆ. ಬೀಜದಲ್ಲಿ ಸ್ವಲ್ಪ ತೇವ ಯಾವಾಗಲೂ ಇರುತ್ತದೆ. ಬಿಸಿಲಲ್ಲಿ ಕಂಟೇನರ್ ಕಾದಾಗ ಆ ತೇವ ಒಳಗಿನ ಗಾಳಿಗೆ ಬರುತ್ತದೆ. ಫೆಬ್ರವರಿಯಲ್ಲಿ ಹೊರಟ ಹಡಗು ಮೆಡಿಟರೇನಿಯನ್ ಸೇರುವ ಹೊತ್ತಿಗೆ ಹೊರಗೆ ಇನ್ನೂ ಚಳಿ, ರಾತ್ರಿ ಕಬ್ಬಿಣದ ಚಾವಣಿ ತಣ್ಣಗಾಗುತ್ತದೆ. ಆ ತೇವವೆಲ್ಲ ಚಾವಣಿಗೆ ಹನಿಯಾಗಿ ಕಟ್ಟಿ ಮೇಲ್ಪದರದ ಚೀಲಗಳ ಮೇಲೆ ತೊಟ್ಟಿಕ್ಕುತ್ತದೆ. ಹೊರಗಿನಿಂದ ಒಂದು ತೊಟ್ಟು ನೀರು ಬರದಿದ್ದರೂ ಚೀಲ ಒದ್ದೆ. ಕ್ರಾಫ್ಟ್ ಪೇಪರ್, ತೇವ ಹೀರುವ ಚೀಲ ಇವೆಲ್ಲ ಇರುವುದು ಇದಕ್ಕೇ. ಹಾಗಾಗಿ ಕೊಟೇಶನ್‌ನಲ್ಲಿ ಚೀಲ ಹೊಸದೋ ಹಳೆಯದೋ, ಗೋಡೆಗೆ ಏನು ಹೊದಿಸುತ್ತೀರಿ, ಮೇಲ್ಪದರಕ್ಕೆ ಏನು ಮುಚ್ಚುತ್ತೀರಿ, ತೇವ ಹೀರುವ ಚೀಲ ಎಷ್ಟು ಮತ್ತು ಯಾವ ತೂಕದ್ದು, ಇಷ್ಟನ್ನೂ ಬರೆಯಿರಿ. ಗೋಣಿಚೀಲದ ಬದಲು ಇಡೀ ಕಂಟೇನರ್‌ಗೆ ಒಂದೇ ಲೈನರ್ ಹಾಕಿ ಬೀಜ ಸುರಿಯುವುದಾದರೆ ಅದು ಬೇರೆಯದೇ ಪ್ಯಾಕಿಂಗ್, ರೇಟೂ ಬೇರೆ ಆಗಬಹುದು.

ತುಂಬುವ ಮೊದಲು ಒಬ್ಬರು ಖಾಲಿ ಕಂಟೇನರ್ ಒಳಗೆ ನಿಂತು ಬಾಗಿಲು ಹಾಕಿಸಿಕೊಳ್ಳಿ. ಎಲ್ಲಾದರೂ ಸೂಜಿಮೊನೆಯಷ್ಟು ಬೆಳಕು ಕಂಡರೆ ಅಲ್ಲಿಂದ ಮಳೆಯೂ ಬರುತ್ತದೆ, ಆ ಕಂಟೇನರ್ ವಾಪಸ್ ಕಳಿಸಿ. ಬಾಗಿಲಿನ ರಬ್ಬರ್ ಬಿರುಕು ಬಿಟ್ಟಿದೆಯಾ, ನೆಲದ ಹಲಗೆ ಒದ್ದೆ ಇದೆಯಾ, ಹಿಂದಿನ ಸರಕಿನ ವಾಸನೆ ಇದೆಯಾ ನೋಡಿ, ಕಾಫಿ ವಾಸನೆ ಬೇಗ ಹೀರುತ್ತದೆ. ದಿನಾಂಕ ಕಾಣುವಂತೆ ಫೋಟೋ ತೆಗೆದಿಡಿ, ಸೀಲ್ ನಂಬರ್ ಸಮೇತ.

ಹಾಗಾದರೆ ಆ ಒಳಗಿನ ಹನಿ ನೀರಿನ ನಷ್ಟ ಸಿಗುತ್ತಾ ಇಲ್ವಾ?

ನಿಮ್ಮ ಕಾಗದ ನೋಡಿ ಹೇಳಬೇಕು. ಬೀಜ ಸರಿಯಾಗಿ ಒಣಗಿತ್ತು, ಪ್ಯಾಕಿಂಗ್ ಸರಿ ಇತ್ತು, ಆದರೂ ಪ್ರಯಾಣದ ಏರುಪೇರಿನಿಂದ ಹನಿ ಕಟ್ಟಿತು ಅಂತ ತೋರಿಸಿದರೆ ಎ ಕ್ಲಾಸ್‌ನಲ್ಲಿ ವಾದಿಸಲು ನೆಲೆ ಇದೆ. ಬೀಜವೇ ಜಾಸ್ತಿ ತೇವದ್ದು ಅಂತ ಕಂಡುಬಂದರೆ ಅದು ಸರಕಿನ ಸ್ವಂತ ದೋಷ, ಯಾವ ಕ್ಲಾಸ್‌ನಲ್ಲೂ ಇಲ್ಲ. ಹಸಿ ಕಾಫಿಗೆ ಶೇ. 12.5ರ ಮೇಲೆ ತೇವ ಹೋಗಬಾರದು ಅನ್ನುವುದು ಒಪ್ಪಿತ ಮಿತಿ. ಸ್ಟಫಿಂಗ್ ದಿನದ ತೇವಾಂಶ ಸರ್ಟಿಫಿಕೇಟ್ ಇಲ್ಲದಿದ್ದರೆ ನೀವು ಏನು ಹೇಳಿದರೂ ಬರೀ ಬಾಯಿಮಾತು. ಕೊಟೇಶನ್ ಕೇಳುವಾಗಲೇ "ಕಂಟೇನರ್ ಸ್ವೆಟ್ ನಷ್ಟ ಸೇರಿದೆಯೇ, ಷರತ್ತು ಏನು" ಅಂತ ನೇರವಾಗಿ ಕೇಳಿ, ಉತ್ತರ ಬರವಣಿಗೆಯಲ್ಲೇ ಪಡೆಯಿರಿ.

ಮಾನ್ಸೂನ್ಡ್ ಮಲಬಾರ್ ಕಳಿಸುವವರಿಗೆ ಒಂದು ಮಾತು. ಕರಾವಳಿಯ ಮಳೆಗಾಳಿಗೆ ಬೀಜ ಉಬ್ಬಿಸಿ ಮಾಡುವ ಆ ಕಾಫಿಯಲ್ಲಿ ತೇವ ಸಹಜವಾಗಿಯೇ ಶೇ. 13ರ ಮೇಲೆ ಇರುತ್ತದೆ. ಅದನ್ನು ಸುಮ್ನೆ "ಕಾಫಿ" ಅಂತ ಬರೆಯಬೇಡಿ, ಹೆಸರು ಹಿಡಿದು ಬರೆಯಿರಿ.

ಎ, ಬಿ, ಸಿ ಮೂರರಲ್ಲಿ ಸಿ ಅಗ್ಗ. ಸಿಐಎಫ್‌ಗೆ ಅದೇ ಸಾಕು ಅಂತಾರಲ್ಲ?

ಇನ್‌ಕೋಟರ್ಮ್ಸ್ 2020ರ ಪ್ರಕಾರ ಸಿಐಎಫ್ ಮಾರಾಟಕ್ಕೆ ಸಿ ಸಾಕು, ಅದು ಸರಿ. ಆದರೆ ಕಾಫಿಗೆ ಅದು ಸಾಲದು. ಸಿ ಕ್ಲಾಸ್ ದೊಡ್ಡ ಅನಾಹುತಕ್ಕೆ ಮಾತ್ರ: ಬೆಂಕಿ, ಮುಳುಗಡೆ, ಡಿಕ್ಕಿ, ಲಾರಿ ಪಲ್ಟಿ. ಬಿ ಕ್ಲಾಸ್‌ನಲ್ಲಿ ಸಮುದ್ರದ ನೀರು ಕಂಟೇನರ್‌ಗೆ ನುಗ್ಗುವುದು ಸೇರುತ್ತದೆ, ಮಳೆ ನೀರು ಸೇರುವುದಿಲ್ಲ. ಕಳ್ಳತನ ಎರಡರಲ್ಲೂ ಇಲ್ಲ. ಕಾಫಿಗೆ ದಿನನಿತ್ಯ ಆಗುವ ನಷ್ಟ ಯಾವುದು? ಮಳೆ ನೀರು, ಒಳಗಿನ ಹನಿ, ನಾಲ್ಕು ಚೀಲ ಕಾಣೆ. ಇವೆಲ್ಲ ಎ ಕ್ಲಾಸ್‌ಗೆ ಮಾತ್ರ ಸೇರಿದ್ದು. ಎರಡು ಕಂಪನಿಗಳ ರೇಟ್ ಹೋಲಿಸುವ ಮೊದಲು ಎರಡೂ ಒಂದೇ ಕ್ಲಾಸ್‌ಗೆ ಕೊಟ್ಟಿದ್ದಾ ಅಂತ ನೋಡಿ, "ಅಗ್ಗ" ಅನ್ನುವುದರ ಗುಟ್ಟು ಬಹಳ ಸಲ ಅಲ್ಲೇ ಇರುತ್ತದೆ.

ಹಡಗು ಮುಳುಗುವುದೆಲ್ಲ ಎಷ್ಟು ಅಪರೂಪ! ನನ್ನ ಸರಕಿಗೆ ಏನೂ ಆಗದಿದ್ದರೆ ಖರ್ಚೂ ಇಲ್ಲ ತಾನೇ?

2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಕೊಚ್ಚಿಯ ಹೊರಗೆ 640 ಕಂಟೇನರ್ ಸಮೇತ ಮುಳುಗಿತು. ನಮ್ಮ ಪಕ್ಕದ ಕಡಲಲ್ಲೇ. ಅಪರೂಪ ಅನ್ನುವುದೇನೋ ನಿಜ, ಆದರೆ ಆಗದೇ ಇರುವುದಲ್ಲ.

ಸರಕಿಗೆ ಏನೂ ಆಗದೆಯೂ ದುಡ್ಡು ಕಟ್ಟುವ ಪರಿಸ್ಥಿತಿ ಇದೆ, ಅದಕ್ಕೆ ಜನರಲ್ ಆವರೇಜ್ ಅಂತಾರೆ. ಹಡಗನ್ನೂ ಸರಕನ್ನೂ ಉಳಿಸಲು ಮಾಡಿದ ಅಸಾಧಾರಣ ಖರ್ಚನ್ನು ಹಡಗಿನ ಮಾಲೀಕರು ಮತ್ತು ಸರಕಿನ ಮಾಲೀಕರೆಲ್ಲ ಸೇರಿ ಹಂಚಿಕೊಳ್ಳಬೇಕು. 2021ರಲ್ಲಿ ಎವರ್ ಗಿವನ್ ಸೂಯೆಜ್‌ನಲ್ಲಿ ಸಿಕ್ಕಿಕೊಂಡಾಗ ಹೀಗೇ ಘೋಷಣೆ ಆಯಿತು. ಇನ್ಶೂರೆನ್ಸ್ ಇದ್ದರೆ ಕಂಪನಿ ಗ್ಯಾರಂಟಿ ಕೊಡುತ್ತದೆ, ಕಂಟೇನರ್ ಬಿಡುಗಡೆ ಆಗುತ್ತದೆ. ಇಲ್ಲದಿದ್ದರೆ ನೀವೇ ನಗದು ಠೇವಣಿ ಇಡಬೇಕು, ಅಲ್ಲಿಯ ತನಕ ಸರಕು ಅವರ ಕೈಯಲ್ಲೇ. ಇದು ಎ, ಬಿ, ಸಿ ಮೂರರಲ್ಲೂ ಸೇರಿದೆ.

ಕೊಟೇಶನ್ ಬಂತು, "ಓಕೆ" ಅಂತ ಮೇಲ್ ಹಾಕಿದೆ. ಕವರ್ ಶುರುವಾಯ್ತಾ?

ಇಲ್ಲ. 1938ರ ಇನ್ಶೂರೆನ್ಸ್ ಕಾಯ್ದೆಯ 64ವಿಬಿ ಕಲಂ ಪ್ರಕಾರ ಪ್ರೀಮಿಯಂ ಕೈಸೇರದೆ ಕಂಪನಿ ಹೊಣೆ ಹೊರುವಂತಿಲ್ಲ. ಲಾರಿ ಹಾಸನ ಬಿಡುವ ಮೊದಲೇ ಹಣ ಹೋಗಿರಬೇಕು. ಸರ್ಟಿಫಿಕೇಟ್‌ನ ದಿನಾಂಕವೂ ಹಡಗು ಹತ್ತಿದ ದಿನಕ್ಕಿಂತ ಆಮೇಲಿನದ್ದು ಆಗಬಾರದು, ಲೆಟರ್ ಆಫ್ ಕ್ರೆಡಿಟ್ ಇದ್ದರೆ ಬ್ಯಾಂಕ್ ಮೊದಲು ನೋಡುವುದೇ ಅದನ್ನು.

ವರ್ಷಕ್ಕೆ ಹತ್ತಾರು ಕಂಟೇನರ್ ಕಳಿಸುವವರು ಪ್ರತಿ ಸಲ ಈ ಓಡಾಟ ಮಾಡುವ ಬದಲು ಓಪನ್ ಪಾಲಿಸಿ ಕೇಳುವುದು ಲೇಸು. ಮೊದಲೇ ಒಂದಿಷ್ಟು ಪ್ರೀಮಿಯಂ ಕಟ್ಟಿಟ್ಟು, ಪ್ರತಿ ಕನ್ಸೈನ್‌ಮೆಂಟ್ ಹೊರಡುವಾಗ ಡಿಕ್ಲರೇಶನ್ ಕೊಡುತ್ತಾ ಹೋಗುವುದು. ಆದರೆ ಒಂದನ್ನೂ ಬಿಡದೆ ಡಿಕ್ಲೇರ್ ಮಾಡಬೇಕು, ಅಪಾಯ ಕಡಿಮೆ ಅನಿಸಿದ್ದನ್ನು ಬಿಟ್ಟು ಉಳಿದದ್ದಕ್ಕೆ ಮಾತ್ರ ಅಂತ ಆರಿಸುವ ಹಾಗಿಲ್ಲ.

ಕೊಟೇಶನ್ ಆದ ಮೇಲೆ ಪ್ಯಾಕಿಂಗ್ ಬದಲಾಯ್ತು, ತೇವ ಹೀರುವ ಚೀಲ ಸಿಗಲಿಲ್ಲ. ಪರವಾಗಿಲ್ವಾ?

ಲಾರಿ ಹೊರಡುವ ಮೊದಲು ಒಂದು ಸಾಲಿನ ಮೇಲ್ ಹಾಕಿ, ಒಪ್ಪಿಗೆಯ ಉತ್ತರ ಬರುವ ತನಕ ಕಾಯಿರಿ. ರೇಟ್ ಸ್ವಲ್ಪ ಏರಬಹುದು, ಎಕ್ಸೆಸ್ ಜಾಸ್ತಿ ಮಾಡಬಹುದು, ಇಲ್ಲವೇ ಸ್ವೆಟ್ ನಷ್ಟವನ್ನೇ ತೆಗೆಯಬಹುದು. ಕೊನೆಯದನ್ನು ಹೇಳಿದರೆ ಲಾರಿಯನ್ನು ಒಂದು ದಿನ ನಿಲ್ಲಿಸಿ, ಆ ಚೀಲಗಳನ್ನು ಮಂಗಳೂರಿನಿಂದಲಾದರೂ ತರಿಸಿ ಹಾಕಿ. ಹಡಗಿನ ಕಟ್‌ಆಫ್‌ಗೆ ಸಮಯ ಇಲ್ಲ ಅಂದರೆ ಕೊಳ್ಳುವವನಿಗೆ ವಿಷಯ ತಿಳಿಸಿ, ಮುಂದಿನ ಹಡಗಿಗೆ ಹಾಕಲಾ ಅಂತ ಕೇಳಿ. ಸಿಐಎಫ್‌ನಲ್ಲಿ ಸರಕು ಹಡಗು ಹತ್ತಿದ ಮೇಲೆ ಅಪಾಯ ಅವನದ್ದು, ಪಾಲಿಸಿ ಎಂಡಾರ್ಸ್ ಆಗಿ ಕೈಸೇರುವುದೂ ಅವನಿಗೇ.